ಶನಿವಾರ ಸಂಜೆ ಯುಪಿಐ ಪಾವತಿ ನಿಂತುಹೋದದ್ದರ ಬಗ್ಗೆ ದೂರು

ಇವರಿಗೆ,
ಗ್ರಾಹಕ ಸೇವಾ ಮುಖ್ಯಸ್ಥರು,
ಪೇಮೆಂಟ್ ಗೇಟ್‌ವೇ ವಿಭಾಗ

ವಿಷಯ: ಕಳೆದ ಶನಿವಾರ ಸಂಜೆ 6:48ರಿಂದ 8:52ರವರೆಗಿನ ಅಡಚಣೆ, ಅದರ ಕಾರಣ, ಬಾಕಿ ಉಳಿದ ಹಣ

ಮಾನ್ಯರೇ,

ನೀವು ಕಳಿಸಿದ ವರದಿಯಲ್ಲಿ ಇರುವುದು ಒಂದೇ ಸಾಲು: ಬ್ಯಾಂಕಿನ ಕಡೆಯ ತಾಂತ್ರಿಕ ತೊಂದರೆಯಿಂದ ಅಡಚಣೆಯಾಯಿತು, ಈಗ ಸರಿಹೋಗಿದೆ. ಕೌಂಟರಿನಲ್ಲಿ ನಿಂತು ಬೈಸಿಕೊಂಡ ನಮ್ಮ ಮಳಿಗೆಗಳ ಮ್ಯಾನೇಜರುಗಳಿಗೆ ಇದನ್ನು ತೋರಿಸಿ ಸಮಾಧಾನ ಹೇಳುವುದು ಹೇಗೆ? ಬಿಲ್ಲಿಂಗ್ ಯಂತ್ರಗಳ ಲಾಗ್ ತೆಗೆದು ನೋಡಿ, ನಡೆದದ್ದನ್ನು ಅವರಿಗೆ ತಿಳಿಯುವ ಮಾತಿನಲ್ಲಿ ನಾವೇ ಬರೆದಿದ್ದೇವೆ. ತಪ್ಪಿದ್ದರೆ ನಿಮ್ಮ ದಾಖಲೆ ತೋರಿಸಿ ತಿದ್ದಿ.

6:48ಕ್ಕೆ ಬ್ಯಾಂಕಿನ ಉತ್ತರ ನಿಧಾನವಾಯಿತು. ಮಾಮೂಲಿಗೆ ಐದಾರು ಸೆಕೆಂಡಿನಲ್ಲಿ ಬರುವ ‘ಹಣ ಬಂದಿದೆ’ ಎಂಬ ಸೂಚನೆಗೆ ಅರ್ಧ ನಿಮಿಷ ಹಿಡಿಯಿತು. ಇಷ್ಟು ಬ್ಯಾಂಕಿನ ಪಾಲು ಎಂದು ಒಪ್ಪುತ್ತೇವೆ. 7:06ರ ಹೊತ್ತಿಗೆ ಹೊಸ ಕ್ಯೂಆರ್ ಕೂಡ ಹುಟ್ಟುತ್ತಿರಲಿಲ್ಲ. 8:05ಕ್ಕೆ ನೀವು ಸರ್ವರ್ ರೀಸ್ಟಾರ್ಟ್ ಮಾಡಿದಿರಿ. ಏಳು ನಿಮಿಷ ನಡೆದು ಮತ್ತೆ ಮಲಗಿತು. ಹಣ ಬಂತೇ ಎಂದು ಬ್ಯಾಂಕನ್ನು ಕೇಳುವ ಸ್ಥಿತಿ ವಿಚಾರಣೆಗೆ ನೀವು ಮಿತಿ ಹಾಕಿದ ಮೇಲಷ್ಟೇ 8:52ಕ್ಕೆ ಎಲ್ಲ ಸರಿಹೋಯಿತು. ಅಲ್ಲಿಯವರೆಗೂ ನಿಮ್ಮ ಸ್ಟೇಟಸ್ ಪುಟ ಹಸಿರಾಗಿಯೇ ಇತ್ತು.

ಬ್ಯಾಂಕಿನ ಸಣ್ಣ ನಿಧಾನ ಎರಡು ಗಂಟೆಯ ಸ್ಥಗಿತವಾದದ್ದು ನಿಮ್ಮ ತಂತ್ರಾಂಶದ ನಡವಳಿಕೆಯಿಂದ. ಗ್ರಾಹಕರು ಪಿನ್ ಒತ್ತಿದ ಮೇಲೆ ಕೌಂಟರಿನಲ್ಲಿರುವ ನಿಮ್ಮ ಆ್ಯಪ್ ‘ಹಣ ಬಂತಾ?’ ಎಂದು ಪ್ರತಿ ಮೂರು ಸೆಕೆಂಡಿಗೊಮ್ಮೆ ಕೇಳುತ್ತದೆ. ಪ್ರತಿ ಬಾರಿಯೂ ನಿಮ್ಮ ಸರ್ವರ್ ಬ್ಯಾಂಕನ್ನೇ ಕೇಳುತ್ತದೆ ಎಂದು ನಿಮ್ಮ ಇಂಜಿನಿಯರ್ ಫೋನಿನಲ್ಲಿ ಒಪ್ಪಿದ್ದಾರೆ. ಉತ್ತರ ಬೇಗ ಬಂದರೆ ಒಂದು ಬಿಲ್ಲಿಗೆ ಎರಡು ಪ್ರಶ್ನೆಗೇ ಮುಗಿಯುತ್ತದೆ. ಉತ್ತರ ತಡವಾದರೆ ನಿಮಿಷಕ್ಕೆ ಇಪ್ಪತ್ತು. ಬ್ಯಾಂಕ್ ದಣಿದಷ್ಟೂ ಪ್ರಶ್ನೆ ಹೆಚ್ಚುತ್ತದೆ, ಪ್ರಶ್ನೆ ಹೆಚ್ಚಿದಷ್ಟೂ ಬ್ಯಾಂಕ್ ದಣಿಯುತ್ತದೆ. ಹೊಸ ಪಾವತಿಗಳೂ ಇದೇ ಸಾಲಿನಲ್ಲಿ ನಿಲ್ಲಬೇಕಾದ್ದರಿಂದ ಕ್ಯೂಆರ್ ಹುಟ್ಟುವುದೂ ನಿಂತಿತು. ರೀಸ್ಟಾರ್ಟ್ ಫಲಿಸದೇ ಹೋದದ್ದೂ ಇದಕ್ಕೇ: ಬಾಕಿ ಬಿಲ್ಲುಗಳ ಪ್ರಶ್ನೆಗಳೆಲ್ಲ ಬಾಗಿಲು ತೆರೆದ ಕೂಡಲೇ ಒಟ್ಟಿಗೆ ನುಗ್ಗಿದವು.

ಇನ್ನೂ ಕೆಟ್ಟದ್ದೆಂದರೆ, ಬಿಲ್ ರದ್ದಾದರೂ ಪ್ರಶ್ನೆ ನಿಲ್ಲುವುದಿಲ್ಲ. ಕ್ಯಾಷಿಯರ್ 7:03ಕ್ಕೆ ರದ್ದು ಮಾಡಿದ ಒಂದು ಬಿಲ್ಲಿನ ಲಾಗ್ ಇದು:

```
19:04:11 order=48213 status=PENDING retry=36
19:04:14 order=48213 status=PENDING retry=37
```

2025ರ ಏಪ್ರಿಲ್ 12ರಂದು ದೇಶದಾದ್ಯಂತ ಯುಪಿಐ ಕುಂಟಿದಾಗ ಅದನ್ನು ನಡೆಸುವ ಎನ್‌ಪಿಸಿಐ ಕಂಡುಕೊಂಡ ಕಾರಣವೂ ಸ್ಥಿತಿ ವಿಚಾರಣೆಯ ಮಹಾಪೂರವೇ. ಅದಾದ ಮೇಲೆ, ಒಂದು ವಹಿವಾಟಿನ ಸ್ಥಿತಿಯನ್ನು ಎರಡು ಗಂಟೆಯೊಳಗೆ ಮೂರು ಬಾರಿಗಿಂತ ಹೆಚ್ಚು ಕೇಳಬಾರದು ಎಂದು ಬ್ಯಾಂಕುಗಳಿಗೆ ಮಿತಿ ಹಾಕಿತು. ನಿಮ್ಮ ಆ್ಯಪ್ ಆ ಮಿತಿಯನ್ನು ಹತ್ತೇ ಸೆಕೆಂಡಿನಲ್ಲಿ ಮುಗಿಸುತ್ತದೆ.

ಇನ್ನು ಹಣದ ವಿಚಾರ. ಯಂತ್ರ ‘ಬಾಕಿ’ ಎಂದು ತೋರಿಸಿದ್ದರಿಂದ ಹಲವರು ಅದೇ ಬಿಲ್ಲಿಗೆ ಎರಡನೇ ಸಲ, ನಗದಾಗಿಯೋ ಕಾರ್ಡಿನಲ್ಲೋ ಕೊಟ್ಟರು. ಅವರ ಮೊದಲ ಪಾವತಿಗಳಲ್ಲಿ ಎರಡು ಬಗೆ ಇವೆ, ನಿಮ್ಮ ಸಹಾಯವಾಣಿ ಎರಡಕ್ಕೂ ಒಂದೇ ಉತ್ತರ ಕೊಡುತ್ತಿದೆ. ಗ್ರಾಹಕರ ಖಾತೆಯಿಂದ ಹೋಗಿ ನಮಗೆ ದೃಢಪಡದೇ ಉಳಿದ ಹಣ ಒಂದು. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆಯಂತೆ ಅದು ವಹಿವಾಟಿನ ದಿನದಿಂದ ಐದು ದಿನದೊಳಗೆ ತಾನಾಗಿಯೇ ಹಿಂತಿರುಗಬೇಕು. ತಪ್ಪಿದರೆ ದಿನಕ್ಕೆ 100 ರೂಪಾಯಿ ಪರಿಹಾರ. ಇನ್ನೊಂದು, ತಡವಾಗಿ ಯಶಸ್ವಿಯಾಗಿ ನಮ್ಮ ಸೆಟಲ್‌ಮೆಂಟಿನಲ್ಲಿ ಸೇರಿಕೊಂಡ ಹಣ. ಇದು ತಾನಾಗಿ ಹಿಂತಿರುಗುವುದಿಲ್ಲ. ನಾವು ರೀಫಂಡ್ ಒತ್ತಲೇಬೇಕು. ‘ಕಾಯಿರಿ, ತಾನೇ ಬರುತ್ತದೆ’ ಎಂದು ನೀವು ಹೇಳಿ ಕಳಿಸಿದ ಈ ಗ್ರಾಹಕರಿಗೆ ಎಷ್ಟು ಕಾದರೂ ಹಣ ಬಾರದು.

ಆದ್ದರಿಂದ ಆ ಎರಡು ಗಂಟೆಯ ಎಲ್ಲ ವಹಿವಾಟುಗಳನ್ನು ಅವುಗಳ 12 ಅಂಕಿಯ ಗುರುತು ಸಂಖ್ಯೆ ಆರ್‌ಆರ್‌ಎನ್ ಸಮೇತ ಈ ಎರಡು ಬಗೆಯಾಗಿ ವಿಂಗಡಿಸಿ ಎರಡು ಕೆಲಸದ ದಿನಗಳಲ್ಲಿ ಕಳಿಸಿ. ಎರಡನೇ ಪಟ್ಟಿ ಕೈಗೆ ಬಂದ ದಿನವೇ ನಮ್ಮ ಬಿಲ್ಲುಗಳೊಂದಿಗೆ ತಾಳೆ ನೋಡಿ, ಎರಡು ಸಲ ಕೊಟ್ಟವರಿಗೂ ಬಿಲ್ ರದ್ದಾದವರಿಗೂ ರೀಫಂಡ್ ಒತ್ತುತ್ತೇವೆ.

ಆ್ಯಪಿನಲ್ಲಿ ಆಗಬೇಕಾದ ಬದಲಾವಣೆ ದೊಡ್ಡದಲ್ಲ. ಉತ್ತರ ಬಾರದಿದ್ದರೆ ಪ್ರಶ್ನೆಗಳ ನಡುವಿನ ಅಂತರ ಹೆಚ್ಚುತ್ತಾ ಹೋಗಲಿ, ಎಲ್ಲ ಕೌಂಟರುಗಳೂ ಒಂದೇ ಕ್ಷಣದಲ್ಲಿ ಕೇಳದಂತೆ ಆ ಅಂತರ ತುಸು ಹಿಂದುಮುಂದಾಗಲಿ. ಬಿಲ್ ರದ್ದಾದ ಮೇಲೆ ಕೌಂಟರಿನಿಂದ ಕೇಳುವುದು ನಿಲ್ಲಲಿ. ತಡವಾಗಿ ಬಂದ ಹಣವನ್ನು ನಿಮ್ಮ ಸರ್ವರೇ ಗುರುತಿಸಿ ನಮಗೆ ತಿಳಿಸಲಿ. ಹೊಸ ಪಾವತಿಗೂ ಸ್ಥಿತಿ ವಿಚಾರಣೆಗೂ ಬೇರೆ ಬೇರೆ ಸಾಲು ಇರಲಿ. ಇವುಗಳಲ್ಲಿ ಯಾವುದು ಯಾವ ದಿನಾಂಕದೊಳಗೆ ಆಗುತ್ತದೆ ಎಂದು ಲಿಖಿತವಾಗಿ ತಿಳಿಸಿ. ಹದಿನೈದು ದಿನದಲ್ಲಿ ಉತ್ತರ ಬಾರದಿದ್ದರೆ ನಮ್ಮ ಕೌಂಟರುಗಳನ್ನು ಬೇರೆ ಗೇಟ್‌ವೇಗೆ ಬದಲಿಸುತ್ತೇವೆ.

ಇಂತಿ,
ಪಾವತಿ ಮತ್ತು ಲೆಕ್ಕಪತ್ರ ವಿಭಾಗ

ಲಗತ್ತು: ಬಿಲ್ಲಿಂಗ್ ಯಂತ್ರಗಳ ಲಾಗ್, ಎರಡು ಸಲ ಪಾವತಿಯಾದ ಬಿಲ್ಲುಗಳ ಪಟ್ಟಿ