ಕೊಟ್ಟಿಗೆ ಮಾಡಿಗೆ ಟಾರ್ಪಾಲು ತರುವ ಮುಂಚೆ

ಚಿ. ಗಣಪತಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ನಿನ್ನ ದೊಡ್ಡಮ್ಮನ ಮಂಡಿ ನೋವು ಮಳೆಗಾಲ ಹತ್ತಿರ ಬಂತೆಂದು ನಮಗಿಂತ ಮೊದಲೇ ಹೇಳುತ್ತಿದೆ. ನೀನು ಕಳಿಸಿದ ಫೋಟೊ ನೋಡಿದೆ. ಕೊಟ್ಟಿಗೆಯ ಪಡುವಣ ಮಾಡಿನಲ್ಲಿ ಹೆಂಚು ಜರಿದಿದೆ, ಎರಡು ಪಕಾಸಿ ಕುಂಬಾಗಿವೆ. ಈ ವರ್ಷ ಅದನ್ನು ಬಿಚ್ಚಿ ಕಟ್ಟುವ ಹೊತ್ತಿಲ್ಲ. ಟಾರ್ಪಾಲು ಹೊದೆಸಿ ಮಳೆಗಾಲ ದಾಟಿಸುವುದೇ ಸರಿ. ಆದರೆ "15ಕ್ಕೆ 21ರ ನೀಲಿ ಸಿಲ್ಪಾಲಿನ್, 250ರದ್ದು, ಹೆವಿ ಅಂತಾನೆ, ತರಲಾ?" ಎಂದು ಕೇಳಿದ್ದೀಯಲ್ಲ, ಅದಕ್ಕೆ ಫೋನಿನಲ್ಲಿ ಹೂಂ ಎನ್ನಲು ಮನಸ್ಸಾಗಲಿಲ್ಲ. ಅದಕ್ಕೇ ಈ ಕಾಗದ.

ಮೊದಲು ಅಳತೆ. ಮಾಡಿನ ನೆತ್ತಿಯಿಂದ ಸೂರಿನವರೆಗೆ 14 ಅಡಿ, ಉದ್ದ 20 ಅಡಿ. 15ಕ್ಕೆ 21 ಸಾಕೆಂದು ನಿನಗೆ ಅನ್ನಿಸಿದ್ದು ಅದಕ್ಕೇ. ಮಾರಾಯ, ನೆತ್ತಿಯ ಮೇಲೆ ನಿಂತುಹೋದ ಟಾರ್ಪಾಲಿನ ಕೆಳಗೆ ಗಾಳಿ ನುಗ್ಗಿದರೆ ಅದು ಹಾಯಿಯ ಹಾಗೆ ಏಳುತ್ತದೆ. ನೆತ್ತಿ ದಾಟಿ ಆಚೆ ಮಗ್ಗುಲಿಗೆ 3 ಅಡಿಯಾದರೂ ಇಳಿಯಬೇಕು, ಸೂರಿನಲ್ಲಿ 1 ಅಡಿ ಚಾಚಬೇಕು, ಅಕ್ಕಪಕ್ಕ ಎರಡೆರಡು ಅಡಿ ಬೇಕು. ಅಲ್ಲಿಗೆ 18ಕ್ಕೆ 24 ಆಯಿತು. ಕೊಳ್ಳುವಾಗ ಅದು ಅಂಚು ಮಡಚಿದ ಮೇಲಿನ ಅಳತೆಯೋ, ಬಟ್ಟೆ ಕತ್ತರಿಸಿದ ಅಳತೆಯೋ ಎಂದು ಕೇಳು. ಮಡಚುವುದರಲ್ಲೇ ಅರ್ಧ ಅಡಿ ಹೋಗಿರುತ್ತದೆ. ಟೇಪು ನಿನ್ನ ಕಿಸೆಯಲ್ಲೇ ಇರಲಿ.

ಇನ್ನು ಆ "250". ಜಿಎಸ್‌ಎಂ ಅಂದರೆ ಒಂದು ಚದರ ಮೀಟರಿನ ತೂಕ ಎಷ್ಟು ಗ್ರಾಂ ಎಂಬುದು. ಮೈಕ್ರಾನ್ ಅಂದರೆ ದಪ್ಪ. ಎರಡೂ ಬೇರೆ ಬೇರೆ. ಅಂಗಡಿಯವನು ಬರೀ ನಂಬರು ಹೇಳಿದರೆ ಯಾವುದರ ನಂಬರು ಎಂದು ಕೇಳಬೇಕು. ಕೇಳಿ ನಂಬಬೇಕಾಗಿಯೂ ಇಲ್ಲ. ಅಡಿಕೆ ತೂಗುವ ಕೊಕ್ಕೆ ತಕ್ಕಡಿ ಮನೆಯಲ್ಲಿದೆಯಲ್ಲ, ಜೀಪಿನಲ್ಲಿ ಹಾಕಿಕೊಂಡು ಹೋಗು. 18ಕ್ಕೆ 24 ಅಂದರೆ 432 ಚದರ ಅಡಿ, ಸುಮಾರು 40 ಚದರ ಮೀಟರು. ನಿಜವಾಗಿ 250 ಆಗಿದ್ದರೆ ಗಂಟು 10 ಕಿಲೋ ತೂಗಬೇಕು, 200 ಆದರೆ 8. ಅಂಚಿನ ಹಗ್ಗ, ಕಟ್ಟಲು ಹೊಡೆದ ಲೋಹದ ಕಣ್ಣು ಎಲ್ಲ ಸೇರಿ ಇನ್ನೊಂದಿಷ್ಟು ಹೆಚ್ಚೇ ಬರಬೇಕು. 6 ಕಿಲೋ ತೂಗಿದರೆ ಅದು 150ರದ್ದು, ಚೀಟಿಯಲ್ಲಿ ಏನೇ ಬರೆದಿರಲಿ. ನಮ್ಮ ಕಡೆಯ ಮಳೆಗೆ, ಮಾಡಿನ ಮೇಲೆ, 200ಕ್ಕಿಂತ ಕಡಿಮೆ ಬೇಡ.

ಆದರೆ ತೂಕ ಸರಿಯಿದ್ದರೂ ಮೋಸ ಹೋಗಬಹುದು. ನಾನೇ ಹೋಗಿದ್ದೇನೆ. ಕೆಲವು ವರ್ಷದ ಹಿಂದೆ ಪೇಟೆಯ ಒಂದು ಅಂಗಡಿಯಲ್ಲಿ ದಪ್ಪನೆಯ ಟಾರ್ಪಾಲು ತಂದೆ. ತೂಗಿಯೇ ತಂದಿದ್ದೆ, ಕಿಲೋ ಸರಿಯಾಗಿಯೇ ಇತ್ತು. ಆರಿದ್ರಾ ಮಳೆ ಮುಗಿಯುವ ಹೊತ್ತಿಗೆ ಮಡಿಕೆ ಬಿದ್ದಲ್ಲೆಲ್ಲ ಬಿಳಿ ಗೆರೆ, ಆ ಗೆರೆಯಲ್ಲೇ ಜಿನುಗು. ಲೇಪದ ಪ್ಲಾಸ್ಟಿಕ್ಕಿಗೆ ಸುಣ್ಣಕಲ್ಲಿನ ಪುಡಿಯನ್ನು ಧಾರಾಳವಾಗಿ ಬೆರೆಸಿದ್ದರು. ಪುಡಿ ತೂಗುತ್ತದೆ, ಹಿಡಿದು ನಿಲ್ಲುವುದಿಲ್ಲ. ಅಂದಿನಿಂದ ತಕ್ಕಡಿಯ ಜೊತೆಗೆ ಕಣ್ಣು, ಉಗುರು ಎರಡನ್ನೂ ಬಳಸುತ್ತೇನೆ.

ನೇಯ್ಗೆ ನೋಡುವುದು ಹೀಗೆ. ಈ ಟಾರ್ಪಾಲು ಅಂದರೆ ಪ್ಲಾಸ್ಟಿಕ್ಕಿನ ಚಪ್ಪಟೆ ಪಟ್ಟಿಗಳನ್ನು ಚಾಪೆಯ ಹಾಗೆ ನೇಯ್ದು, ಎರಡೂ ಬದಿಗೆ ತೆಳು ಪ್ಲಾಸ್ಟಿಕ್ ಕರಗಿಸಿ ಹಚ್ಚಿದ್ದು. ಅಂದಹಾಗೆ, ಸಿಲ್ಪಾಲಿನ್ ಎಂಬುದು ಒಂದು ಕಂಪನಿಯ ಮಾಲಿನ ಹೆಸರು. ಅದು ನೇಯ್ದದ್ದೇ ಅಲ್ಲ, ಹಾಳೆಗಳನ್ನು ಅಡ್ಡಡ್ಡ ಬೆಸೆದದ್ದು. ನಮ್ಮಲ್ಲಿ ಎಲ್ಲ ಪ್ಲಾಸ್ಟಿಕ್ ಟಾರ್ಪಾಲಿಗೂ ಅದೇ ಹೆಸರು ಅಂಟಿಕೊಂಡಿದೆ, ನೀನು ಫೋಟೊ ಕಳಿಸಿದ್ದೂ ನೇಯ್ದದ್ದೇ. ಮಕ್ಕಳ ಸ್ಕೇಲು ಇಟ್ಟು ಒಂದು ಇಂಚಿನಲ್ಲಿ ಎಷ್ಟು ಪಟ್ಟಿ ಬರುತ್ತದೆ ಎಣಿಸು. ಉದ್ದಕ್ಕೂ ಎಣಿಸು, ಅಡ್ಡಕ್ಕೂ ಎಣಿಸು. ಉದ್ದಕ್ಕೆ ಬಿಗಿಯಾಗಿ, ಅಡ್ಡಕ್ಕೆ ಸಡಿಲವಾಗಿ ನೇಯ್ದು ಉಳಿಸುವವರು ಇದ್ದಾರೆ. ಅಂಥದ್ದು ಒಂದೇ ದಿಕ್ಕಿಗೆ ಸರ್ರೆಂದು ಹರಿಯುತ್ತದೆ. ಎರಡೂ ಕಡೆ 12ರ ಆಸುಪಾಸು ಬಂದರೆ ಒಳ್ಳೆಯದು. 8 ಬಂದರೆ ಅದು ಒಂದು ವಾರ ಕಟ್ಟಿಗೆ ಮುಚ್ಚಲು ಸಾಕು, ಮಾಡಿಗೆ ಬೇಡ.

ಎಣಿಕೆ ಯಾಕೆ ಮುಖ್ಯ ಎಂದರೆ, ಸಡಿಲ ನೇಯ್ಗೆಯಲ್ಲಿ ಪಟ್ಟಿ ಪಟ್ಟಿಯ ನಡುವೆ ಚೌಕಾಕಾರದ ಸಂದಿ ಉಳಿಯುತ್ತದೆ. ಅಲ್ಲಿ ನೀರು ತಡೆಯುವುದು ಬರೀ ಲೇಪ. ಗಾಳಿಗೆ ಬಟ್ಟೆ ಬಡಿದುಕೊಂಡಂತೆಲ್ಲ ಪಟ್ಟಿಗಳು ಅಲುಗುತ್ತವೆ, ಆಧಾರವಿಲ್ಲದ ಲೇಪ ಆ ಸಂದಿಯಲ್ಲೇ ಬಿರಿಯುತ್ತದೆ. ಬಿಸಿಲಿಗೆ ಹಿಡಿದರೆ ಸಂದಿಗಳು ಮಿಣಿಮಿಣಿ ಕಾಣುತ್ತವೆ, ಹೊಸದರಲ್ಲೂ.

ಲೇಪಕ್ಕೆ ನನ್ನ ಪರೀಕ್ಷೆ ನಾಲ್ಕು ನಿಮಿಷದ್ದು. ಒಂದು ಮೂಲೆಯನ್ನು ಮುಷ್ಟಿಯಲ್ಲಿ ಹಿಡಿದು ಹತ್ತಿಪ್ಪತ್ತು ಸಲ ಹಿಸುಕಿ ಬಿಡಿಸುತ್ತೇನೆ. ಮಡಿಕೆ ಬೆಳ್ಳಗಾಗಿ ಹಾಗೇ ಉಳಿದರೆ, ಬೆರಳಿಗೆ ಪುಡಿ ಹತ್ತಿದರೆ ಅಲ್ಲಿಗೇ ಬಿಟ್ಟೆ. ಆಮೇಲೆ ಅಂಚಿನಲ್ಲಿ ಉಗುರು ಹಾಕಿ ಲೇಪ ಎಬ್ಬಿಸಲು ನೋಡುತ್ತೇನೆ. ಹಾಲಿನ ಕೆನೆಯ ಹಾಗೆ ಎದ್ದು ಬಂದರೆ ಅದು ಪಟ್ಟಿಗೆ ಬೆಸೆದುಕೊಂಡಿಲ್ಲ. ಎರಡೂ ಬದಿಗೆ ಲೇಪ ಇದೆಯೋ ನೋಡು. ಒಂದೇ ಬದಿಗೆ ಇರುವುದೂ ಮಾರುಕಟ್ಟೆಯಲ್ಲಿದೆ, ಅದರ ಹಿಂಬದಿ ಕೈಗೆ ಒರಟು ಒರಟಾಗಿ ಸಿಗುತ್ತದೆ. ಕೊನೆಗೆ ಹಿಸುಕಿದ ಆ ಮೂಲೆಯನ್ನೇ ದೊನ್ನೆಯ ಹಾಗೆ ಹಿಡಿದು ಒಂದು ಚೊಂಬು ನೀರು ಹಾಕಿಸಿ ಅಡಿಯಲ್ಲಿ ಕೈ ಸವರುತ್ತೇನೆ. ಅಂಗಡಿಯವ ಮುಖ ಸಿಂಡರಿಸುತ್ತಾನೆ. ಸಿಂಡರಿಸಲಿ, ಸೋರುವುದು ಅವನ ದನದ ಮೇಲಲ್ಲ.

ಬಣ್ಣದ ವಿಷಯಕ್ಕೆ, ನನ್ನ ಓಟು ಕಪ್ಪಿಗೆ. ಪ್ಲಾಸ್ಟಿಕ್ಕನ್ನು ಕೊಲ್ಲುವುದು ಮಳೆಯಲ್ಲ, ಬಿಸಿಲು. ಕಪ್ಪು ಬಣ್ಣಕ್ಕೆ ಹಾಕುವ ಮಸಿ ಬಿಸಿಲನ್ನು ತಾನೇ ಹೀರಿ ಒಳಗಿನ ಪ್ಲಾಸ್ಟಿಕ್ಕನ್ನು ಕಾಯುತ್ತದೆ. ಬೇರೆ ಬಣ್ಣದ್ದಕ್ಕೆ ಬಿಸಿಲು ತಡೆಯುವ ಔಷಧ ಬೆರೆಸಿರಬೇಕು, ಬೆರೆಸಿದ್ದಾರೋ ಇಲ್ಲವೋ ಕಣ್ಣಿಗೆ ಕಾಣದು. ಕಪ್ಪಿನಲ್ಲೂ ಒಂದು ಮೋಸವಿದೆ, ಹಳೆ ಪ್ಲಾಸ್ಟಿಕ್ ಕರಗಿಸಿ ಮಾಡಿದ್ದು ಕಪ್ಪಿನಲ್ಲಿ ಅಡಗುತ್ತದೆ. ಮೂಸಿ ನೋಡು, ಸುಟ್ಟ ಎಣ್ಣೆಯಂಥ ಘಾಟು ಬಂದರೆ ಬೇಡ. ರೈತ ಸಂಪರ್ಕ ಕೇಂದ್ರದಲ್ಲಿ ಸಬ್ಸಿಡಿಗೆ ಕಪ್ಪು ಟಾರ್ಪಾಲು ಕೊಡುವುದುಂಟು. ಈ ಸಲ ಬಂದಿದೆಯೋ ಒಮ್ಮೆ ವಿಚಾರಿಸು. ಅಲ್ಲಿಯದಾದರೂ ಉಗುರು ಹಾಕಿ ನೋಡುವುದನ್ನು ಬಿಡಬೇಡ.

ಈಗ ಕಣ್ಣು. ಹೆಚ್ಚಿನವರು ಇದನ್ನು ನೋಡುವುದೇ ಇಲ್ಲ, ಟಾರ್ಪಾಲು ಸಾಯುವುದು ಮಾತ್ರ ಇಲ್ಲಿಂದಲೇ. ಒಂದು ಆಶ್ಲೇಷ ಮಳೆಯ ರಾತ್ರಿ ನಮ್ಮ ಅಡಿಕೆ ಚಪ್ಪರದ ಮೇಲಿನ ಹೊದಿಕೆಯ ಮೂಲೆಯ ಒಂದು ಕಣ್ಣು ಕಿತ್ತಿತು. ಅದರ ಪಾಲಿನ ಎಳೆತ ಪಕ್ಕದ ಕಣ್ಣಿಗೆ ಬಿತ್ತು, ಅದೂ ಹೋಯಿತು. ಬೆಳಗ್ಗೆ ನೋಡಿದರೆ ಸಾಲಾಗಿ ಆರು ಕಿತ್ತು ಬಂದಿದ್ದವು. ಬಟ್ಟೆಯ ನಡುವೆ ಒಂದು ತೂತೂ ಇರಲಿಲ್ಲ. ಅಂಚನ್ನು ಒಂದೇ ಪದರಕ್ಕೆ ಮಡಚಿ, ಒಳಗೆ ಹಗ್ಗವಿಲ್ಲದೆ, ಬರೀ ಬಟ್ಟೆಗೆ ಕಣ್ಣು ಹೊಡೆದಿದ್ದರು.

ಅಂಚನ್ನು ಬೆರಳಲ್ಲಿ ಒತ್ತಿ ನೋಡಿದರೆ ಒಳಗೆ ಹಗ್ಗ ಉರುಳಬೇಕು, ಕಣ್ಣು ಆ ಹಗ್ಗಕ್ಕಿಂತ ಒಳಗಡೆ ಕೂತಿರಬೇಕು. ಆಗ ಎಳೆತ ಹಗ್ಗಕ್ಕೆ ಬೀಳುತ್ತದೆ. ನಾಲ್ಕು ಮೂಲೆಗೂ ಹೆಚ್ಚಿನ ಪಟ್ಟಿ ಕೊಟ್ಟಿರಬೇಕು. ಕಣ್ಣು ಅಲ್ಯುಮಿನಿಯಂ ಅಥವಾ ಹಿತ್ತಾಳೆಯದಿರಲಿ. ಕಬ್ಬಿಣದ್ದು ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿದು ಸುತ್ತಲ ಬಟ್ಟೆಯನ್ನೂ ಹಗ್ಗವನ್ನೂ ಕೊರೆಯುತ್ತದೆ, ಅಯಸ್ಕಾಂತ ಹಿಡಿದರೆ ಗೊತ್ತಾಗುತ್ತದೆ. ಹಿಂದೆ ಮುಂದೆ ಎರಡೂ ಬಿಲ್ಲೆ ಅಲುಗದೆ ಕಚ್ಚಿರಬೇಕು. 3 ಅಡಿಗೊಂದರಂತೆ ನಿನ್ನ ಅಳತೆಗೆ ಸುತ್ತಲೂ 28 ಬರುತ್ತವೆ. ಕಡಿಮೆ ಇದ್ದರೆ ಅಂಗಡಿಯಲ್ಲೇ ಹೊಡೆಸಿಕೋ, ಅವರ ಹತ್ತಿರ ಅಚ್ಚು ಇರುತ್ತದೆ.

ನಡುವೆ ಎಲ್ಲಾದರೂ ಕಣ್ಣು ಬೇಕಾದರೆ, ಅಥವಾ ಮಳೆಯಲ್ಲೇ ಒಂದು ಕಿತ್ತರೆ, ತೂತು ಮಾಡಿ ಹಗ್ಗ ಪೋಣಿಸಬೇಡ. ಹಳ್ಳದಿಂದ ನಿಂಬೆಹಣ್ಣಿನಷ್ಟು ದೊಡ್ಡ ನುಣುಪು ಕಲ್ಲು ತಂದು, ಬಟ್ಟೆಯ ಅಡಿಯಿಂದ ಒತ್ತಿ ಹಿಡಿದು, ಮೇಲಿನಿಂದ ಅದರ ಕುತ್ತಿಗೆಗೆ ಹಗ್ಗ ಎರಡು ಸುತ್ತು ಬಿಗಿದು ಕಟ್ಟು. ಅಂದು ಆರು ಕಣ್ಣು ಹೋದಮೇಲೆ ನಾನು ಮಾಡಿದ್ದು ಅದನ್ನೇ. ದಸರೆವರೆಗೂ ಬಿಚ್ಚಲಿಲ್ಲ.

ಹೊದೆಸುವ ಮುಂಚೆ ಜರಿದ ಹೆಂಚು ಕೂರಿಸಿ, ಒಡಕಿನ ಚೂಪು ಇರುವಲ್ಲಿ ಹಳೆ ಗೋಣಿ ಹಾಸು. ಗಟ್ಟಿಯಿರುವ ಪಕಾಸಿಗಳಿಗೇ ಕಟ್ಟು, ಕುಂಬಾದ ಆ ಎರಡರ ನೇರಕ್ಕೆ ಕಾಲಿಡಬೇಡ. ಬಟ್ಟೆಗೆ ಬಟ್ಟೆ ಕೂಡಿಸಿದ ಬೆಸುಗೆಯ ಜಾಡು ನೆತ್ತಿಯಿಂದ ಸೂರಿಗೆ ಇಳಿಯುವಂತೆ ಹಾಸು, ಅಡ್ಡ ಬಂದರೆ ನೀರು ಅಲ್ಲಿ ತಡೆಯುತ್ತದೆ. ಮೇಲೆ ಅಡಿಕೆ ದಬ್ಬೆಯನ್ನೂ ನೆತ್ತಿಯಿಂದ ಸೂರಿಗೇ ಇಟ್ಟು ಎರಡು ತುದಿಗೆ ಬಿಗಿ, ಮೊಳೆ ಹೊಡೆಯಬೇಡ. ದಬ್ಬೆಯ ಚೂಪು ಸಿಗುರು ಕೆತ್ತಿ ತೆಗೆದಿರು. ಕಣ್ಣಿಗೂ ಹಗ್ಗಕ್ಕೂ ನಡುವೆ ಸೈಕಲ್ ಟ್ಯೂಬಿನ ಬಳೆ ಕತ್ತರಿಸಿ ಹಾಕಿದರೆ ಗಾಳಿಯ ಝಾಡಿಸುವಿಕೆ ಅದರಲ್ಲೇ ತೀರುತ್ತದೆ. ಪಕಾಸಿ ಕುಸಿದಲ್ಲಿ ಬಟ್ಟೆ ಜೋತು ಹೊಂಡವಾಗದಂತೆ ಅಡಿಯಿಂದ ಬಿದಿರು ಕೊಡು. ಆರಡಿ ಚೌಕದ ಹೊಂಡದಲ್ಲಿ ಸರಾಸರಿ ಮೂರು ಇಂಚು ನೀರು ನಿಂತರೆ ಅದೇ 250 ಕಿಲೋ, ನಿನ್ನ ಕುಂಬು ಪಕಾಸಿಯ ಮೇಲೆ.

ಒಂದು ಮಾತು ಮರೆತಿದ್ದೆ. ಇದೇ ಟಾರ್ಪಾಲನ್ನು ಹಸಿ ಅಡಿಕೆ ರಾಶಿಗೂ ಹೊದೆಸಬಹುದು ಎಂದಿದ್ದೆಯಲ್ಲ, ರಾತ್ರಿ ಇಬ್ಬನಿಗೆ ಸರಿ. ಆದರೆ ಬಿಸಿಲಲ್ಲಿ ಕಾದ ರಾಶಿಯನ್ನು ಹಾಗೇ ಬಿಗಿಯಾಗಿ ಮುಚ್ಚಿದರೆ ಒಳಗೆ ಬೆವರಿ ಬೂಸು ಹಿಡಿಯುತ್ತದೆ. ಸಂಜೆ ಆರಲು ಬಿಟ್ಟು ಆಮೇಲೆ ಮುಚ್ಚು, ಎರಡು ಪಕ್ಕ ಗಾಳಿಗೆ ಬಿಡು. ಮತ್ತೆ ಒಲೆಯ ಹತ್ತಿರ ಚಪ್ಪರಕ್ಕೆ ಯಾರು ಕೇಳಿದರೂ ಕೊಡಬೇಡ, ಕಿಡಿ ಬಿದ್ದರೆ ಕರಗಿ ಉರಿಯುತ್ತಲೇ ತೊಟ್ಟಿಕ್ಕುತ್ತದೆ.

ರೋಹಿಣಿ ಮಳೆಗೆ ಮುಂಚೆ ಗಾಳಿಮಳೆ ಒಂದೆರಡು ಬಂದೇ ಬರುತ್ತವೆ. ಹಾಗೆಂದು ಈಗಲೇ ಹೊದೆಸಿ ಮೇ ತಿಂಗಳ ಬಿಸಿಲಿಗೆ ಒಡ್ಡಬೇಡ, ತಂದು ಅಟ್ಟದಲ್ಲಿಡು, ಇಲಿ ಬಾರದ ಹಾಗೆ. ಕಟ್ಟುವ ದಿನ ಹೇಳು, ಬೆಳಗಿನ ಬಸ್ಸಿಗೆ ಬರುತ್ತೇನೆ. ಏಣಿ ಹತ್ತುವುದಿಲ್ಲ, ದೊಡ್ಡಮ್ಮ ಬಿಡುವುದಿಲ್ಲ. ಕೆಳಗೆ ನಿಂತು ಹಗ್ಗ ಎಳೆಯುತ್ತೇನೆ.

ಇತಿ ನಿನ್ನ
ದೊಡ್ಡಪ್ಪ