ಬಿಟ್ಟು ಬಿಟ್ಟು ಬರುವ ಅಳುವನ್ನು ಕಡೆಗಣಿಸದಿರಿ

ಮಾನ್ಯರೇ,

ಹಸುಗೂಸಿನ ಕರುಳಿನ ಒಂದು ಭಾಗ ಮುಂದಿನ ಭಾಗದೊಳಗೆ ತೂರಿಕೊಳ್ಳುವ ‘ಇಂಟಸಸೆಪ್ಷನ್’ ಎಂಬ ತುರ್ತು ಸ್ಥಿತಿಯನ್ನು ನಮ್ಮ ಚಿಂತಾಮಣಿ ಕಡೆ ಆಮಶಂಕೆಯೆಂದು ಭಾವಿಸಿ ಸಮಯ ಕಳೆಯುತ್ತಿರುವುದು ಕಳವಳಕಾರಿ.

ನೆರೆಮನೆಯ ಎಂಟು ತಿಂಗಳ ಮಗು ಈಚೆಗೆ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಕಾಲುಗಳನ್ನು ಹೊಟ್ಟೆಗೆ ಮಡಚಿಕೊಂಡು ಚೀರುತ್ತಿತ್ತು. ನಡುನಡುವೆ ಸುಮ್ಮನಾಗುತ್ತಿದ್ದುದರಿಂದ ಮನೆಯವರು ದೃಷ್ಟಿ ತೆಗೆದು, ಗ್ರೈಪ್ ವಾಟರ್ ಕುಡಿಸಿದರು. ಸಂಜೆಗೆ ಹಸಿರು ವಾಂತಿಯಾಗಿ ಮಗು ಸೊರಗಿತು. ಮರುದಿನ ಮಲದಲ್ಲಿ ರಕ್ತ ಬೆರೆತ ಲೋಳೆ ಕಂಡಾಗ ಸಿಕ್ಕಿದ್ದು ಆಮಶಂಕೆಯ ಔಷಧ. ಈ ಕೆಂಪು ಲೋಳೆ ಎಲ್ಲ ಮಕ್ಕಳಲ್ಲೂ ಕಾಣುವುದಿಲ್ಲ, ಕಂಡರೂ ತಡವಾಗಿ ಕಾಣುತ್ತದೆ. ಅದಕ್ಕಾಗಿ ಕಾಯುವುದೇ ತಪ್ಪು. ಬೆಂಗಳೂರಿನಲ್ಲಿ ಅಲ್ಟ್ರಾಸೌಂಡ್ ಮಾಡಿ ಪತ್ತೆಹಚ್ಚುವಷ್ಟರಲ್ಲಿ ಕರುಳಿನ ಒಂದು ತುಂಡು ಕೊಳೆತಿದ್ದರಿಂದ ಅದನ್ನು ಶಸ್ತ್ರಚಿಕಿತ್ಸೆಯಲ್ಲಿ ಕತ್ತರಿಸಿ ತೆಗೆಯಬೇಕಾಯಿತು.

ಬೇಗ ಕರೆದೊಯ್ದಿದ್ದರೆ, ಗುದದ್ವಾರದಲ್ಲಿ ನಳಿಕೆಯಿಟ್ಟು, ಎಕ್ಸ್-ರೇ ಪರದೆಯಲ್ಲಿ ಗಮನಿಸುತ್ತಾ, 120 ಮಿ.ಮೀ. ಪಾದರಸ ಮೀರದ ಒತ್ತಡದಲ್ಲಿ ಗಾಳಿ ಹಾಯಿಸಿ ಕರುಳನ್ನು ಹಿಂದಕ್ಕೆ ಸರಿಸಲು ಯತ್ನಿಸಬಹುದಿತ್ತು. ಬಹುಪಾಲು ಮಕ್ಕಳಿಗೆ ಇದರಿಂದಲೇ, ಕೊಯ್ಯದೆ, ಗುಣವಾಗುತ್ತದೆ. ಆದರೆ ಸಿಕ್ಕಿಕೊಂಡ ಭಾಗಕ್ಕೆ ರಕ್ತ ಹರಿಯದೆ ಕರುಳು ತೂತಾದ ಮೇಲೆ ಗಾಳಿ ಹಾಯಿಸುವಂತೆಯೇ ಇಲ್ಲ.

ಆಶಾ ಕಾರ್ಯಕರ್ತೆಯರು ಮಗುವಿನ 6 ಮತ್ತು 9ನೇ ತಿಂಗಳಲ್ಲಿ ಮನೆಗೆ ಭೇಟಿ ನೀಡುವಾಗ ಈ ಅಳುವಿನ ರೀತಿಯನ್ನು ತಾಯಂದಿರಿಗೆ ವಿವರಿಸುವಂತೆಯೂ, ಇಂಥ ಮಗು ಬಂದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಅಂದೇ ಅಲ್ಟ್ರಾಸೌಂಡ್ ಮಾಡುವಂತೆ, ಆಗದಿದ್ದರೆ ತಡಮಾಡದೆ ಮಕ್ಕಳ ಶಸ್ತ್ರಚಿಕಿತ್ಸಕರಿರುವ ಕಡೆಗೆ ಕಳುಹಿಸುವಂತೆಯೂ ಜಿಲ್ಲಾ ಆರೋಗ್ಯ ಇಲಾಖೆ ಸೂಚಿಸಬೇಕು.

– ಓದುಗ, ಚಿಂತಾಮಣಿ