ಹತ್ತನೇ ತರಗತಿಯ ಗಣಿತ: ‘ತ್ರಿಭುಜಗಳು’ ಅಧ್ಯಾಯದ ಬಗ್ಗೆ

ಪ್ರಿಯ ಪೋಷಕರೇ,

ನಮಸ್ಕಾರ. ಅರ್ಧವಾರ್ಷಿಕ ಪರೀಕ್ಷೆಯ ಅಂಕಪಟ್ಟಿ ನಿಮ್ಮ ಕೈ ಸೇರಿದೆ. ಅದರಲ್ಲಿ ಗಣಿತಕ್ಕೆ ಒಟ್ಟು ಅಂಕ ಮಾತ್ರ ಇದೆ. ಮಗುವಿಗೆ ಎಲ್ಲಿ ತೊಡಕಾಯಿತು ಅಂತ ಅದರಿಂದ ಗೊತ್ತಾಗುವುದಿಲ್ಲ. ಅದಕ್ಕೇ ಈ ಸಲ ಗಣಿತದ ಮೇಷ್ಟ್ರು 40 ಮಕ್ಕಳ ಅಂಕಗಳನ್ನೂ ಪ್ರಶ್ನೆವಾರು ಬರೆದು, ಒಂದೊಂದು ಅಧ್ಯಾಯದ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿ ನೋಡಿದರು.

ಸಮಾಂತರ ಶ್ರೇಢಿಗೆ 8 ಅಂಕ ಇತ್ತು. ಇಡೀ ತರಗತಿಗೆ ಸಿಗಬಹುದಾಗಿದ್ದ 320ರಲ್ಲಿ ಮಕ್ಕಳು 224 ಪಡೆದಿದ್ದಾರೆ, ಅಂದರೆ ಶೇ. 70. ತ್ರಿಭುಜಗಳಿಗೆ 9 ಅಂಕ. ಅಲ್ಲಿ 360ಕ್ಕೆ ಬಂದಿದ್ದು 126, ಶೇ. 35 ಅಷ್ಟೇ. ಬೇರೆ ಅಧ್ಯಾಯಗಳಲ್ಲಿ ಚೆನ್ನಾಗಿ ಮಾಡಿದ ಮಕ್ಕಳೂ ಇಲ್ಲಿ ಎಡವಿದ್ದಾರೆ.

ಆ ಅಧ್ಯಾಯದ ಮೂರು ಪ್ರಶ್ನೆಗಳನ್ನು ಬಿಡಿಬಿಡಿಯಾಗಿ ನೋಡಿದಾಗ ಕಾರಣ ಸಿಕ್ಕಿತು. 4 ಅಂಕದ ಥೇಲ್ಸ್ ಪ್ರಮೇಯದಲ್ಲಿ ತರಗತಿಗೆ ಅರ್ಧಕ್ಕಿಂತ ಜಾಸ್ತಿ ಅಂಕ ಬಂದಿದೆ. ಬಾಹುವಿನ ಅಳತೆ ಕಂಡುಹಿಡಿಯುವ ಸುಲಭದ 2 ಅಂಕದ ಪ್ರಶ್ನೆಯಲ್ಲಿ 80ಕ್ಕೆ ಬರೀ 22. ಉತ್ತರ ಪತ್ರಿಕೆಗಳನ್ನು ಮತ್ತೆ ತೆಗೆದು ನೋಡಿದೆವು. △ABC ~ △PQR ಆದಾಗ, ಅಂದರೆ ಎರಡು ತ್ರಿಭುಜಗಳು ಸಮರೂಪವಾಗಿ ಒಂದೇ ಆಕಾರದಲ್ಲಿದ್ದಾಗ, AB/PQ = BC/QR ಅಂತ ಬರೆಯಬೇಕು. ಹೆಚ್ಚಿನವರು AB/PQ = BC/PR ಅಂತ ಬರೆದಿದ್ದಾರೆ. ಪ್ರಮೇಯ ಬಾಯಿಪಾಠ ಆಗಿದೆ, ಆದರೆ ಯಾವ ಬಾಹುವಿಗೆ ಯಾವ ಬಾಹು ಜೋಡಿ ಅನ್ನೋದು ತಿಳಿದಿಲ್ಲ. ನಾವು ಬೋರ್ಡಿನ ಮೇಲೆ ಎರಡೂ ತ್ರಿಭುಜಗಳನ್ನು ಯಾವಾಗಲೂ ಒಂದೇ ದಿಕ್ಕಿಗೆ ಬರೆದು ತೋರಿಸಿದ್ದೆವು. ಪರೀಕ್ಷೆಯಲ್ಲಿ ಒಂದು ತಿರುಗಿಕೊಂಡಿತ್ತು. ಇದು ನಮ್ಮ ಪಾಠದಲ್ಲಿ ಉಳಿದ ಕೊರತೆ. ಇದಕ್ಕಾಗಿ ಮಕ್ಕಳನ್ನು ದಯವಿಟ್ಟು ಬೈಯಬೇಡಿ.

ಮೇಷ್ಟ್ರ ಈ ಪ್ರಶ್ನೆವಾರು ಪಟ್ಟಿ ಹೇಳಿದ್ದನ್ನೆಲ್ಲ ಹಾಗೇ ನಂಬುವಂತಿಲ್ಲ. ವೃತ್ತಗಳಿಗೆ ಸಂಬಂಧಿಸಿದ ವಿಸ್ತೀರ್ಣಗಳ ಅಧ್ಯಾಯದಲ್ಲೂ ಅಂಕ ಕಡಿಮೆ ಕಂಡಿತು. ಆದರೆ ಅದರಿಂದ ಬಂದಿದ್ದು ಒಂದೇ ಪ್ರಶ್ನೆ, ಅದೂ ಕೊನೆಯದು. 17 ಮಕ್ಕಳು ಅದನ್ನು ಮುಟ್ಟಿಯೇ ಇಲ್ಲ, ಬರೆದವರಲ್ಲಿ ಹೆಚ್ಚಿನವರದು ಸರಿಯಾಗಿದೆ. ಅಲ್ಲಿ ಸಮಯ ಸಾಲದೇ ಹೋಗಿರಬೇಕು. ಹಾಗಾಗಿ ಇನ್ನು ಮುಂದೆ ತಪ್ಪು ಬರೆದದ್ದಕ್ಕೆ ಸೊನ್ನೆ, ಖಾಲಿ ಬಿಟ್ಟದ್ದಕ್ಕೆ ಗೆರೆ ಅಂತ ಬೇರೆ ಬೇರೆ ಗುರುತು ಹಾಕುತ್ತೇವೆ.

ಬರುವ ಸೋಮವಾರದಿಂದ ಮೂರು ಗಣಿತ ಪೀರಿಯಡ್ ತ್ರಿಭುಜಗಳಿಗೇ ಮೀಸಲು. ಮಕ್ಕಳು ರಟ್ಟಿನಲ್ಲಿ ತ್ರಿಭುಜ ಕತ್ತರಿಸಿ, ತಿರುಗಿಸಿ, ಮಗುಚಿ, ಸಮ ಕೋನಗಳನ್ನು ಒಂದರ ಮೇಲೊಂದು ಇಟ್ಟು ಜೋಡಿ ಗುರುತಿಸುತ್ತಾರೆ. ಹಳೆಯ ಮದುವೆ ಕಾರ್ಡುಗಳಿದ್ದರೆ ನಾಲ್ಕೈದು ಕಳಿಸಿಕೊಡಿ. ಗುರುವಾರ ಹೊಸ ಚಿತ್ರಗಳ ಮೇಲೆ 10 ಅಂಕದ ಕಿರು ಪರೀಕ್ಷೆ ಇರುತ್ತದೆ. ಈ ನಾಲ್ಕು ದಿನ ಮಕ್ಕಳಿಗೆ ರಜೆ ಹಾಕಿಸಬೇಡಿ.

ತರಗತಿಯೆಲ್ಲ ಚೆನ್ನಾಗಿ ಮಾಡಿದ ಅಧ್ಯಾಯದಲ್ಲಿ ಕೆಲವು ಮಕ್ಕಳು ಮಾತ್ರ ಹಿಂದೆ ಉಳಿದಿದ್ದಾರೆ. ಅವರ ಮನೆಯವರ ಜೊತೆ ಶನಿವಾರದ ಸಭೆಯಲ್ಲಿ, ಉತ್ತರ ಪತ್ರಿಕೆ ಮುಂದಿಟ್ಟುಕೊಂಡು ಪ್ರತ್ಯೇಕವಾಗಿ ಮಾತಾಡುತ್ತೇವೆ.

ಇಂತಿ,
ಮುಖ್ಯ ಶಿಕ್ಷಕಿ